ಸ್ಕೂಲ್ ಡೇಗೆ ಎಂತ ಉಡುವುದು?

ಡಿಸೆಂಬರ್ ಬಂತೆಂದರೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಶಾಲೆಗಳ ಅಂಗಳದಲ್ಲಿ ಒಂದೊಂದಾಗಿ ಶಾಮಿಯಾನ ಏಳುತ್ತದೆ. ಮಕ್ಕಳಿಗೆ ಡ್ಯಾನ್ಸಿನ ಡ್ರೆಸ್ಸಿನದ್ದೇ ಧ್ಯಾನ, ಟೀಚರುಗಳಿಗೆ ವರದಿ ವಾಚನದ ಚಿಂತೆ. ತರಗತಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅಮ್ಮಂದಿರದ್ದು ಮಾತ್ರ ಒಂದೇ ಪ್ರಶ್ನೆ: "ಸ್ಕೂಲ್ ಡೇಗೆ ಎಂತ ಉಡುದು ಮಾರಾಯ್ರೆ?" ಒಬ್ಬರು ಮದುವೆಯ ರೇಷ್ಮೆ ಸೀರೆಯ ಫೋಟೋ ಹಾಕುತ್ತಾರೆ, ಇನ್ನೊಬ್ಬರು ಆನ್‌ಲೈನಿನಲ್ಲಿ ನೋಡಿದ ಮಿಂಚುವ ಸೀರೆಯ ಲಿಂಕ್ ಹಾಕುತ್ತಾರೆ. ಉಳಿದವರು ಸುಮ್ಮನೆ ನೋಡುತ್ತಾರೆ.

ಸುಮ್ಮನೆ ನೋಡುವವರ ಬಗ್ಗೆಯೇ ನನಗೆ ಹೆಚ್ಚು ಯೋಚನೆ. ನಮ್ಮ ತಾಲೂಕುಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ಅಮ್ಮಂದಿರು ಎಷ್ಟು ಮಂದಿ! ಅಂಥ ಒಬ್ಬರು ಅಕ್ಕ ಎರಡು ವರ್ಷ ಮಗಳ ಸ್ಕೂಲಿನ ಕಡೆ ಹೋಗದೆ ಅತ್ತೆಯನ್ನೇ ಕಳಿಸುತ್ತಿದ್ದರು. ಕೆಲಸ ಇತ್ತು ಅಂತಲ್ಲ. "ಅಲ್ಲಿ ಎಲ್ಲರೂ ಗಮ್ಮತ್ತಿನಲ್ಲಿ ಬರ್ತಾರೆ, ನನ್ನ ಹತ್ರ ಅಂಥದ್ದು ಯಾವುದೂ ಇಲ್ಲ" ಎಂಬುದೇ ಕಾರಣ. ಅವರ ಕಪಾಟಿನಲ್ಲಿ ನಾಲ್ಕು ಒಳ್ಳೆಯ ಹತ್ತಿಯ ಸೀರೆಗಳಿದ್ದವು. ಅವು ಸಾಕಾಗುವುದಿಲ್ಲ ಅಂತ ಅವರಿಗೆ ಅನಿಸಿತ್ತು, ಅಷ್ಟೇ.

ನನ್ನದು ಸಾಫ್ಟ್‌ವೇರ್ ಕೆಲಸ. ಏನಾದರೂ ತಯಾರಿಸುವ ಮೊದಲು ಅದು ಎಲ್ಲೆಲ್ಲಿ ಕೈಕೊಡಬಹುದು ಎಂದು ನೋಡುವುದು ನಮ್ಮ ಕಡೆಯ ರೂಢಿ. ಬಟ್ಟೆಗೂ ಅದೇ ಲೆಕ್ಕ ಹಾಕಿದರೆ ಉತ್ತರ ಸುಲಭ. ಮನೆಯ ಕನ್ನಡಿಯ ಮುಂದೆ ಎಲ್ಲ ಬಟ್ಟೆಯೂ ಚಂದವೇ. ಅಲ್ಲಿಂದ ಶಾಲೆಗೆ ಹೋಗಿ, ಕೂತು, ಎದ್ದು, ಮಗುವನ್ನು ಎತ್ತಿಕೊಂಡು, ಊಟ ಮಾಡಿ ಬರುವವರೆಗೆ ಯಾವುದು ಹಾಗೆಯೇ ಉಳಿಯುತ್ತದೋ ಅದೇ ಅಚ್ಚುಕಟ್ಟಾದ ಬಟ್ಟೆ. ಇದಕ್ಕೆ ಬೆಲೆ ಅಷ್ಟು ಮುಖ್ಯವಲ್ಲ. ನೂಲು, ಹೊಲಿಗೆ, ಗಂಜಿ, ಇಸ್ತ್ರಿ ಇವು ಮುಖ್ಯ.

ಮಳೆಗಾಲದ ಮೀಟಿಂಗ್, ಒಂದನೇ ಕ್ಲಾಸಿನ ಬೆಂಚು

ಮೊದಲು ಹೆತ್ತವರ ಸಭೆಯನ್ನೇ ತೆಗೆದುಕೊಳ್ಳೋಣ. ವರ್ಷದ ಮೊದಲ ಸಭೆ ಸಾಮಾನ್ಯವಾಗಿ ಜೂನ್, ಜುಲೈಯಲ್ಲಿ, ಶನಿವಾರ ಬೆಳಿಗ್ಗೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಈ ತಿಂಗಳುಗಳಲ್ಲೇ. ಘಟ್ಟದ ಬುಡದ ಚಾರ್ಮಾಡಿ, ಉಜಿರೆ ಕಡೆ ಕೇಳುವುದೇ ಬೇಡ. ಬಸ್ಸಿಳಿದು ಶಾಲೆಯ ಗೇಟಿನವರೆಗೆ ನಡೆಯುವಷ್ಟರಲ್ಲಿ ಮೊಣಕಾಲಿನ ಕೆಳಗೆ ಕೆಂಪು ಮಣ್ಣಿನ ಚುಕ್ಕೆ ಗ್ಯಾರಂಟಿ.

ಹಾಗಾಗಿ ಮಳೆಗಾಲದ ಸಭೆಗೆ ಮೊದಲ ನಿಯಮ: ಬಟ್ಟೆಯ ಕೆಳಗಿನ ಒಂದು ಅಡಿ ಗಾಢ ಬಣ್ಣದ್ದಿರಲಿ. ಕಡು ನೀಲಿ, ಕಾಫಿ ಕಂದು, ಬೂದು ಯಾವುದಾದರೂ ಆದೀತು. ಕೆಮ್ಮಣ್ಣಿನ ಕಲೆ ತಿಳಿ ಬಣ್ಣದ ಪ್ಯಾಂಟಿನ ಮೇಲೆ ಹತ್ತು ಅಡಿ ದೂರಕ್ಕೆ ಕಾಣುತ್ತದೆ, ಕಂದು ಬಣ್ಣದ ಮೇಲೆ ಕಾಣುವುದೇ ಇಲ್ಲ. ಕಲೆ ಬಿದ್ದರೆ ಒದ್ದೆ ಇರುವಾಗ ಕರವಸ್ತ್ರದಿಂದ ಉಜ್ಜಬೇಡಿ, ಮಣ್ಣು ನೂಲಿನ ಒಳಗೆ ಇಳಿಯುತ್ತದೆ. ಒಣಗಲು ಬಿಟ್ಟು ಆಮೇಲೆ ಕೈಯಿಂದ ಕೊಡವಿದರೆ ಅರ್ಧ ಅಲ್ಲೇ ಉದುರುತ್ತದೆ. ಉಳಿದದ್ದನ್ನು ಮನೆಗೆ ಬಂದು ಸಾಬೂನು ಹಾಕಿ ತೊಳೆದರಾಯಿತು.

ಎರಡನೇ ಪರೀಕ್ಷೆ ಬೆಂಚಿನದ್ದು. ಚಿಕ್ಕ ತರಗತಿಗಳ ಬೆಂಚು ದೊಡ್ಡವರ ಕುರ್ಚಿಗಿಂತ ಎಷ್ಟೋ ತಗ್ಗು. ಅದರಲ್ಲಿ ಕೂತರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತದೆ. ನಿಂತಾಗ ಮೊಣಕಾಲಿನವರೆಗೆ ಇದ್ದ ಕುರ್ತಾ ಕೂತಾಗ ತೊಡೆಯವರೆಗೆ ಏರುತ್ತದೆ, ಬದಿಯ ಸೀಳು ಸೊಂಟದವರೆಗೆ ಬಾಯಿ ಬಿಡುತ್ತದೆ. ಇಡೀ ಮೀಟಿಂಗ್ ಕುರ್ತಾವನ್ನು ಎಳೆಯುವುದರಲ್ಲೇ ಕಳೆಯುತ್ತದೆ, ಟೀಚರ್ ಗಣಿತದ ಬಗ್ಗೆ ಹೇಳಿದ್ದು ತಲೆಗೇ ಹೋಗುವುದಿಲ್ಲ. ಟೈಲರಿಗೆ ಕೊಡುವಾಗ ಎರಡು ಮಾತು ಹೇಳಿದರೆ ಸಾಕು. ಕುರ್ತಾದ ಉದ್ದ ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ಬರಲಿ. ಬದಿಯ ಸೀಳು ಸೊಂಟದ ಎಲುಬಿನಿಂದ ಒಂದು ಗೇಣು ಕೆಳಗೆ ಶುರುವಾಗಲಿ. ಕೆಳಗೆ ಲೆಗ್ಗಿಂಗ್ಸ್ ಬದಲು ನೇರ ಹೊಲಿಗೆಯ ಹತ್ತಿಯ ಪ್ಯಾಂಟ್ ಇದ್ದರೆ ಒದ್ದೆಯಾದರೂ ಕಾಲಿಗೆ ಅಂಟಿಕೊಳ್ಳುವುದಿಲ್ಲ.

ಹಿಂದಿನ ದಿನ ಮನೆಯಲ್ಲೇ ಇದನ್ನು ನೋಡಬಹುದು. ಮಗು ಸ್ನಾನಕ್ಕೆ ಕೂರುವ ಸ್ಟೂಲಿನ ಮೇಲೆ ಆ ಬಟ್ಟೆ ಹಾಕಿಕೊಂಡು ಒಮ್ಮೆ ಕೂರಿ, ಮುಂದೆ ಬಗ್ಗಿ ನೆಲದಿಂದ ಪೆನ್ನು ಎತ್ತಿ. ಎಲ್ಲಿ ಎಳೆಯುತ್ತದೆ, ಎಲ್ಲಿ ತೆರೆದುಕೊಳ್ಳುತ್ತದೆ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಅಪ್ಪಂದಿರಿಗೂ ಇದೇ ಪರೀಕ್ಷೆ. ತಗ್ಗು ಬೆಂಚಿನಲ್ಲಿ ಬಗ್ಗಿ ಕೂತಾಗ ಗಿಡ್ಡ ಅಂಗಿ ಬೆನ್ನಿನ ಹಿಂದೆ ಮೇಲೇರಿದರೆ, ಹಿಂದಿನ ಬೆಂಚಿನವರಿಗೆ ಅದೇ ನೋಟ.

ಮಳೆಗಾಲದಲ್ಲಿ ಪೂರ್ತಿ ಹತ್ತಿಗಿಂತ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆ ಹೆಚ್ಚು ಅನುಕೂಲ ಎಂಬುದನ್ನೂ ಹೇಳಬೇಕು. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಆ ಹವೆಯಲ್ಲಿ ಗಂಟೆಗಟ್ಟಲೆ ಆರುವುದಿಲ್ಲ, ಸುಕ್ಕು ಹಾಗೆಯೇ ನಿಲ್ಲುತ್ತದೆ. ಬೆರಕೆ ನೂಲು ಬೇಗ ಆರುತ್ತದೆ. ಆದರೆ ಪೂರ್ತಿ ಪಾಲಿಯೆಸ್ಟರ್ ಬೇಡ. ಅದು ಬೆವರು ಹೀರುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ನಲವತ್ತು ಮಂದಿ ಕೂತಾಗ ವಾಸನೆ ಬರುತ್ತದೆ.

ಇನ್ನು ಚಪ್ಪಲಿ. ನಮ್ಮ ಕಡೆ ಅನೇಕ ಶಾಲೆಗಳಲ್ಲಿ ತರಗತಿಯ ಹೊರಗೆ ಚಪ್ಪಲಿ ಬಿಡಬೇಕು. ಲೇಸ್ ಕಟ್ಟುವ ಶೂ, ಒದ್ದೆ ಸಾಕ್ಸ್, ಹೆಬ್ಬೆರಳಿನ ತೂತು ಎಲ್ಲವೂ ಅಲ್ಲಿ ಬಹಿರಂಗ. ಸುಲಭವಾಗಿ ಕಳಚುವ, ನೀರು ತಾಗಿದರೂ ಕೆಡದ ಸ್ಯಾಂಡಲ್ ಸಾಕು. ಬ್ಯಾಗಿನಲ್ಲಿ ಒಂದು ಹಳೆಯ ಟವೆಲ್ ಇಟ್ಟುಕೊಂಡರೆ ಒಳಗೆ ಹೋಗುವ ಮೊದಲು ಪಾದ ಒರೆಸಿಕೊಳ್ಳಬಹುದು. ಒದ್ದೆ ಕೊಡೆಯನ್ನು ಮಡಿಲ ಮೇಲೆ ಇಟ್ಟುಕೊಂಡರೆ ಅಚ್ಚುಕಟ್ಟೆಲ್ಲ ಅಲ್ಲಿಗೇ ಮುಗಿಯಿತು, ಅದಕ್ಕೊಂದು ಪ್ಲಾಸ್ಟಿಕ್ ಚೀಲ ಇರಲಿ.

ಸ್ಕೂಲ್ ಡೇಗೆ ಪಕ್ಕದೂರಿನ ಸೀರೆ

ಸ್ಕೂಲ್ ಡೇಯ ಲೆಕ್ಕವೇ ಬೇರೆ. ಸಂಜೆ ಐದೂವರೆಗೆ ಹೋದರೆ ಮುಗಿಯುವಾಗ ರಾತ್ರಿ ಹತ್ತು ದಾಟುತ್ತದೆ. ಮಧ್ಯಾಹ್ನದ ಸೆಕೆ ಹೋಗುವ ಹೊತ್ತಿಗೆ ಹೊರಡುತ್ತೇವೆ, ಮಕ್ಕಳ ಯಕ್ಷಗಾನ ರಂಗಕ್ಕೆ ಬರುವ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನ ಮೇಲೆ ಮಂಜು ಕೂತಿರುತ್ತದೆ. ಮೈದಾನದಲ್ಲಿ ಧೂಳು. ನಡುವೆ ಮಗುವಿನ ಬಹುಮಾನಕ್ಕೆ ಅಮ್ಮನನ್ನೂ ವೇದಿಕೆಗೆ ಕರೆದರೆ ಮರದ ಮೆಟ್ಟಿಲು ಹತ್ತಬೇಕು. ಕೊನೆಗೆ ನಿದ್ದೆ ಮಾಡಿದ ಮಗು ಹೆಗಲ ಮೇಲೆ.

ಇಷ್ಟೆಲ್ಲ ತಾಳುವ ಸೀರೆ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ಅದು ನಮ್ಮ ಉಡುಪಿ ಕೈಮಗ್ಗದ ಹತ್ತಿ ಸೀರೆ. ಮೂಡುಬಿದಿರೆಯಿಂದ ಹತ್ತಿರದಲ್ಲೇ ಇರುವ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಹಕಾರ ಸಂಘ ಇದನ್ನು ನೇಯಿಸುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ತೆರೆದಾಗ ಬಂದ ಮಗ್ಗದ ವಿದ್ಯೆ ಈ ಊರುಗಳ ಶೆಟ್ಟಿಗಾರರ ಮನೆಗಳಿಗೂ ಹಬ್ಬಿತು. 2016ರಲ್ಲಿ ಈ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಮ್ಮ ಅಜ್ಜಿಯಂದಿರು ದಿನಾ ಉಡುತ್ತಿದ್ದದ್ದು ಇದನ್ನೇ. ನಡುವೆ ಮಿಲ್ಲಿನ ಸೀರೆ, ಆಮೇಲೆ ಸಿಂಥೆಟಿಕ್ ಬಂದು ಮಗ್ಗಗಳು ಒಂದೊಂದಾಗಿ ನಿಂತವು. ಈಗ ಮತ್ತೆ ಕೆಲವರು ಹಟ ಹಿಡಿದು ನೇಯುತ್ತಿದ್ದಾರೆ.

ಈ ಸೀರೆ ಸ್ಕೂಲ್ ಡೇಗೆ ಹೊಂದುವುದಕ್ಕೆ ಕಾರಣ ಅದರ ನೇಯ್ಗೆಯಲ್ಲೇ ಇದೆ. ಹಾಸಿನ ನೂಲಿಗೆ ಗಂಜಿ ಕೊಟ್ಟು ನೇಯುವುದರಿಂದ ಬಟ್ಟೆಗೆ ಹದವಾದ ಬಿಗಿ ಇರುತ್ತದೆ, ನೆರಿಗೆ ಹಿಡಿದಲ್ಲಿ ನಿಲ್ಲುತ್ತದೆ. ಮೈ ಸಾದಾ ಅಥವಾ ಚೌಕುಳಿ, ಅಂಚು ಸಣ್ಣದು, ಸೆರಗಿನಲ್ಲಿ ಪಟ್ಟೆ. ಕಣ್ಣಿಗೆ ಹೊಡೆಯುವಂಥದ್ದು ಏನೂ ಇಲ್ಲ. ಕೊಳ್ಳುವಾಗ ನೂಲಿನ ನಂಬರ್ ಕೇಳಿ. 40, 60, 80 ಎಂದು ಹೇಳುತ್ತಾರೆ. ನಂಬರ್ ಹೆಚ್ಚಾದಷ್ಟೂ ನೂಲು ಸಪೂರ, ಸೀರೆ ಹಗುರ. 80ರ ಸೀರೆ ಮೃದುವಾಗಿ ಮೈಗೆ ಕೂರುತ್ತದೆ, ಆದರೆ ತೆಳು. ದೀಪದ ಎದುರು ನಿಂತರೆ ಒಳಲಂಗದ ಅಂಚು ಕಾಣಬಹುದು. 40ರದ್ದು ಸ್ವಲ್ಪ ದಪ್ಪ, ಕೂತು ಎದ್ದರೂ ಆಕಾರ ಬಿಡುವುದಿಲ್ಲ. ಐದು ಗಂಟೆ ಮೈದಾನದಲ್ಲಿ ಕೂರುವುದಾದರೆ 40 ಅಥವಾ 60 ಒಳ್ಳೆಯದು. 80ರದ್ದೇ ಇದ್ದರೆ ಸೀರೆಯ ಬಣ್ಣದ್ದೇ ಹತ್ತಿಯ ಒಳಲಂಗ ಬೇಕು.

ಮನೆಯಲ್ಲಿ ಬೇರೆ ಯಾವುದೋ ಹತ್ತಿ ಸೀರೆ ಇದ್ದರೆ ಹೊಸದು ಕೊಳ್ಳಬೇಕೆಂದೇನಿಲ್ಲ. ಮುಂದೆ ಹೇಳುವುದೆಲ್ಲ ಅದಕ್ಕೂ ಅನ್ವಯ.

ಗುರುವಾರದಿಂದ ಶನಿವಾರದವರೆಗೆ

ಶನಿವಾರ ಸಂಜೆ ಸ್ಕೂಲ್ ಡೇ ಎಂದಿಟ್ಟುಕೊಳ್ಳಿ. ಒಂದು ಕಡು ಹಸಿರು ಹತ್ತಿ ಸೀರೆಯನ್ನು ಅದಕ್ಕೆ ತಯಾರು ಮಾಡುವ ಕ್ರಮ ನೋಡೋಣ.

ಮೊದಲು ಫಾಲ್ ನೋಡಿ. ಹತ್ತಿ ಸೀರೆ ಅಚ್ಚುಕಟ್ಟಾಗಿ ಕಾಣದಿರಲು ಅತಿ ಹೆಚ್ಚು ಸಲ ಕಾರಣ ಇದೇ. ಅಂಗಡಿಯಿಂದ ತಂದ ಫಾಲನ್ನು ಹಾಗೆಯೇ ಹೊಲಿದರೆ ಮೊದಲ ಒಗೆತಕ್ಕೆ ಫಾಲ್ ಒಂದು ಅಳತೆ ಕುಗ್ಗುತ್ತದೆ, ಸೀರೆ ಇನ್ನೊಂದು ಅಳತೆ. ಆಗ ಅಂಚು ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ನೇರ ಆಗುವುದಿಲ್ಲ. ಹೊಸ ಸೀರೆಯಾದರೆ ಸೀರೆ, ಫಾಲ್ ಎರಡನ್ನೂ ಬೇರೆ ಬೇರೆ ತಣ್ಣೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ, ಆಮೇಲೆ ಹೊಲಿಯಲು ಕೊಡಿ. ಈಗಾಗಲೇ ಸುರುಟಿದ್ದರೆ ಹೊಲಿಗೆ ಬಿಚ್ಚಿ, ಎರಡನ್ನೂ ಬೇರೆಯಾಗಿ ಇಸ್ತ್ರಿ ಹಾಕಿ, ಫಾಲನ್ನು ಸ್ವಲ್ಪ ಸಡಿಲವಾಗಿ ಇಟ್ಟು ಮತ್ತೆ ಕೈಹೊಲಿಗೆ ಹಾಕಬೇಕು. ಒಂದು ಮಧ್ಯಾಹ್ನದ ಕೆಲಸ, ಆದರೆ ಸೀರೆ ಹೊಸತರಂತೆ ಆಗುತ್ತದೆ.

ಗುರುವಾರ ಗಂಜಿ. ನಮ್ಮ ಮನೆಗಳಲ್ಲಿ ದಿನಾ ಸಿಗುವುದು ಕುಚ್ಚಲಕ್ಕಿಯ ತೆಳಿ. ಅದರಲ್ಲಿ ಅಕ್ಕಿಯ ಕೆಂಪು ಬಣ್ಣ ಇಳಿದಿರುತ್ತದೆ. ಬಿಳಿ ಪಂಚೆಗೂ ತಿಳಿ ಬಣ್ಣದ ಸೀರೆಗೂ ಅದನ್ನು ಹಾಕಿದರೆ ಮಾಸಿದ ಹಾಗೆ ಕಾಣುತ್ತದೆ. ತಿಳಿ ಬಣ್ಣಕ್ಕೆ ಬೆಳ್ತಿಗೆ ಅಕ್ಕಿಯ ತೆಳಿ ಅಥವಾ ಸಾಬಕ್ಕಿ ಗಂಜಿ ಒಳ್ಳೆಯದು. ನಮ್ಮ ಹಸಿರು ಸೀರೆಗೆ ಸಾಬಕ್ಕಿಯನ್ನೇ ತೆಗೆದುಕೊಳ್ಳೋಣ. ಎರಡು ದೊಡ್ಡ ಚಮಚ ಸಾಬಕ್ಕಿಯನ್ನು ಒಂದು ಲೀಟರ್ ನೀರಿನಲ್ಲಿ ಕಾಳು ಕರಗಿ ಪಾರದರ್ಶಕ ಆಗುವವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಅರ್ಧ ಬಕೆಟ್ ನೀರಿಗೆ ಕಲಸಿ. ಸೋಸದೆ ಹಾಕಿದರೆ ಗಂಟುಗಳು ಗಾಢ ಬಣ್ಣದ ಮೇಲೆ ಬಿಳಿ ಚುಕ್ಕೆಯಾಗಿ ಒಣಗುತ್ತವೆ. ಒಗೆದ ಸೀರೆ ಹಸಿ ಇರುವಾಗಲೇ ಪೂರ್ತಿ ಮುಳುಗಿಸಬೇಕು. ಒಣಗಿದ ಸೀರೆಯನ್ನು ಅದ್ದಿದರೆ ಗಂಜಿ ಒಂದೊಂದು ಕಡೆ ಒಂದೊಂದು ರೀತಿ ಹಿಡಿಯುತ್ತದೆ. ಮೆಲ್ಲಗೆ ಹಿಂಡಿ, ಅಂಚು ಎಳೆದು ನೇರ ಮಾಡಿ, ನೆರಳಲ್ಲಿ ಒಣಗಲು ಹಾಕಿ.

ಹದ ಗೊತ್ತಾಗುವುದು ಹೇಗೆ? ಮೊದಲು ಒಂದು ಕರವಸ್ತ್ರವನ್ನು ಅದೇ ನೀರಿಗೆ ಅದ್ದಿ, ಒಣಗಿಸಿ, ಇಸ್ತ್ರಿ ಹಾಕಿ ನೋಡಿ. ಮಡಚಿದಾಗ ಕಾಗದದ ಹಾಗೆ ಸದ್ದು ಮಾಡಿ, ಮಡಿಕೆಯಲ್ಲಿ ಬಿಳಿ ಗೆರೆ ಮೂಡಿದರೆ ಗಂಜಿ ಹೆಚ್ಚಾಯಿತು. ಅಂಥ ಸೀರೆ ಸೊಂಟದ ಸುತ್ತ ಬಿಚ್ಚಿದ ಕೊಡೆಯಂತೆ ನಿಲ್ಲುತ್ತದೆ, ಕೂತರೆ ಮುರಿದ ಸುಕ್ಕು ಬೀಳುತ್ತದೆ. ಇನ್ನೊಂದು ಲೀಟರ್ ನೀರು ಸೇರಿಸಿ. ಕರವಸ್ತ್ರ ಮಡಚಿದಲ್ಲಿ ನಿಲ್ಲಬೇಕು, ಆದರೆ ಮುಷ್ಟಿಯಲ್ಲಿ ಹಿಡಿದರೆ ಮೆತ್ತಗಿರಬೇಕು. ಅದೇ ಹದ.

ಒಂದು ಎಚ್ಚರಿಕೆ. ಗಂಜಿ ಹಾಕಿದ ಬಟ್ಟೆಯನ್ನು ಮಳೆಗಾಲಕ್ಕೆ ಕಪಾಟಿನಲ್ಲಿ ಇಡಬೇಡಿ. ನಮ್ಮ ಹವೆಗೆ ಒಂದೆರಡು ವಾರದಲ್ಲೇ ಬೂಷ್ಟು ಹಿಡಿಯುತ್ತದೆ, ಬೆಳ್ಳಿಹುಳು ತಿನ್ನುತ್ತದೆ. ಮೇ ತಿಂಗಳಲ್ಲಿ ಎಲ್ಲವನ್ನೂ ಸಾದಾ ನೀರಿನಲ್ಲಿ ಒಗೆದು ಗಂಜಿ ತೆಗೆದು ಇಡುವುದು ಒಳ್ಳೆಯದು.

ಶುಕ್ರವಾರ ಇಸ್ತ್ರಿ. ಪೂರ್ತಿ ಒಣಗಿದ ಹತ್ತಿಯ ಸುಕ್ಕು ಬಿಡುವುದಿಲ್ಲ. ಸೀರೆಗೆ ನೀರು ಚಿಮುಕಿಸಿ, ಚಾಪೆಯಂತೆ ಸುತ್ತಿ ಅರ್ಧ ಗಂಟೆ ಇಡಿ, ತೇವ ಎಲ್ಲ ಕಡೆ ಸಮನಾಗಿ ಹರಡುತ್ತದೆ. ಆಮೇಲೆ ಉಲ್ಟಾ ಬದಿಯಿಂದ ಇಸ್ತ್ರಿ ಹಾಕಿ. ಗಾಢ ಬಣ್ಣಕ್ಕೆ ನೇರ ಬದಿಯಿಂದ ಬಿಸಿ ತಾಗಿದರೆ ಅಲ್ಲಲ್ಲಿ ಎಣ್ಣೆ ಹಚ್ಚಿದಂತೆ ಹೊಳಪು ಬರುತ್ತದೆ, ದೀಪದ ಬೆಳಕಿನಲ್ಲಿ ಅದು ಎದ್ದು ಕಾಣುತ್ತದೆ. ಮೊದಲು ಅಂಚುಗಳು, ಆಮೇಲೆ ಮೈ, ಕೊನೆಗೆ ಸೆರಗು. ಇಸ್ತ್ರಿ ಆದ ತಕ್ಷಣ ಮಡಚದೆ ಹತ್ತು ನಿಮಿಷ ಹಗ್ಗದ ಮೇಲೆ ಬಿಡಿ, ಉಳಿದ ತೇವ ಹೋಗುತ್ತದೆ. ಬಿಸಿಯಲ್ಲೇ ಮಡಚಿದರೆ ಮಡಿಕೆಯ ಗೆರೆ ಬೆನ್ನಿನ ಮೇಲೆ ಅಡ್ಡಕ್ಕೆ ಕೂರುತ್ತದೆ.

ಶನಿವಾರ ಉಡುವಾಗ ಮೂರು ವಿಷಯ ನೆನಪಿರಲಿ. ಒಂದು, ಹಾಕಿಕೊಂಡು ಹೋಗುವ ಚಪ್ಪಲಿಯಲ್ಲೇ ನಿಂತು ಉಡಿ. ಬರಿಗಾಲಲ್ಲಿ ಉಟ್ಟು ಆಮೇಲೆ ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿದರೆ ಸೀರೆ ಗಿಡ್ಡ, ಎತ್ತರದ್ದರಲ್ಲಿ ಉಟ್ಟು ಚಪ್ಪಲಿ ಬಿಟ್ಟರೆ ಸೀರೆ ಮೈದಾನದ ಧೂಳು ಗುಡಿಸುತ್ತದೆ. ಮುಂದಿನ ಅಂಚು ನೆಲದಿಂದ ಅರ್ಧ ಇಂಚು ಮೇಲಿರಲಿ, ಮೆಟ್ಟಿಲು ಹತ್ತುವಾಗ ಕಾಲಿಗೆ ಸಿಗುವುದಿಲ್ಲ. ಒಳಲಂಗ ಅದಕ್ಕಿಂತ ಎರಡು ಇಂಚು ಮೇಲೆ.

ಎರಡು, ಹತ್ತಿ ಸೀರೆಗೆ ನೆರಿಗೆ ಕಡಿಮೆ ಸಾಕು. ಜಾರ್ಜೆಟ್ಟಿಗೆ ಏಳೆಂಟು ಹಿಡಿಯುವವರು ಇದಕ್ಕೆ ಐದಾರು ಅಗಲವಾದ ನೆರಿಗೆ ಹಿಡಿಯಿರಿ. ಹೆಚ್ಚಾದರೆ ಹೊಟ್ಟೆಯ ಮೇಲೆ ಉಬ್ಬುತ್ತದೆ. ಉಳಿದ ಬಟ್ಟೆಯನ್ನು ಎಡಬದಿಗೆ ಸಾಪಾಟಾಗಿ ಸಿಕ್ಕಿಸಿ.

ಮೂರು, ಸೆರಗು. ಮಗುವನ್ನು ಎತ್ತಿಕೊಳ್ಳುವವರಿಗೆ ಮಡಿಕೆ ಹಾಕಿ ಹೆಗಲಿಗೆ ಪಿನ್ ಮಾಡಿದ ಸೆರಗೇ ಅನುಕೂಲ. ಕೈಮಗ್ಗದ ಬಟ್ಟೆಯ ಒಂದೇ ಪದರಕ್ಕೆ ಪಿನ್ ಚುಚ್ಚಿದರೆ ಎಳೆದಾಗ ನೂಲು ಸರಿದು ತೂತಾಗುತ್ತದೆ. ಎಲ್ಲ ಮಡಿಕೆಗಳನ್ನೂ ಸೇರಿಸಿ, ಒಳಗಿನಿಂದ ರವಿಕೆಯ ಹೆಗಲ ಹೊಲಿಗೆಗೆ ಚುಚ್ಚಿ. ಪಿನ್ನಿಗೆ ಮೊದಲು ಒಂದು ಸಣ್ಣ ಮಣಿ ಪೋಣಿಸಿದರೆ ಬಟ್ಟೆ ಪಿನ್ನಿನ ಸುರುಳಿಗೆ ಸಿಕ್ಕಿಕೊಳ್ಳುವುದಿಲ್ಲ. ಸ್ಕೂಟರಿನಲ್ಲಿ ಹೋಗುವವರು ಸೆರಗಿನ ತುದಿಯನ್ನು ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಲೇಬೇಕು. ದುಪಟ್ಟಾ ಹಾಕುವವರೂ ಅಷ್ಟೇ, ಎರಡೂ ತುದಿ ಹಿಂದೆ ಬಿಟ್ಟುಕೊಂಡು ಹೋಗಬಾರದು. ಚಕ್ರಕ್ಕೆ ಸಿಕ್ಕಿದರೆ ಜೀವಕ್ಕೇ ಅಪಾಯ.

ಬುರ್ಖಾ ಹಾಕುವವರಿಗೆ, ಬೀಡಿ ಕಟ್ಟುವವರಿಗೆ

ಬುರ್ಖಾ ಹಾಕಿ ಬರುವ ಅಮ್ಮಂದಿರಿಗೆ ದೊಡ್ಡ ಶತ್ರು ಧೂಳು. ಕಪ್ಪಿನ ಮೇಲೆ ಮೈದಾನದ ಕೆಂಪು ಧೂಳು ಬೇಗ ಕಾಣುತ್ತದೆ, ಅದೂ ಹೆಚ್ಚಾಗಿ ಕೆಳಗಿನ ಅಂಚಿನಲ್ಲಿ. ಅಂಚು ನೆಲಕ್ಕೆ ತಾಗದೆ ಒಂದು ಇಂಚು ಮೇಲೆ ಇರುವಂತೆ ಮಡಚಿ ಹೊಲಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಉಳಿದದ್ದಕ್ಕೆ ಸ್ವಲ್ಪ ಒದ್ದೆ ಮಾಡಿ ಹಿಂಡಿದ ಸ್ಪಂಜು ಸಾಕು, ಮೇಲಿಂದ ಕೆಳಕ್ಕೆ ಒಮ್ಮೆ ಎಳೆಯಿರಿ. ಹೊಳೆಯುವ ಕಲ್ಲಿನ ಕೆಲಸ ಇರುವುದಕ್ಕಿಂತ ತೋಳಿನಲ್ಲಿ ಸಣ್ಣ ಹೊಲಿಗೆಯ ಕೆಲಸ ಇರುವುದು ಇಂಥ ದಿನಕ್ಕೆ ಹೆಚ್ಚು ಹೊಂದುತ್ತದೆ, ಇಸ್ತ್ರಿಯೂ ಸುಲಭ.

ಬೀಡಿ ಕಟ್ಟುವ ಅಕ್ಕಂದಿರು ಹಲವರು ಹೇಳುವುದು ಒಂದೇ ಮಾತು: "ಬಟ್ಟೆ ಉಂಟು, ಆದ್ರೆ ಹೊಗೆಸೊಪ್ಪಿನ ವಾಸನೆ ಹೋಗುದಿಲ್ಲ." ಕೆಲಸ ಮಾಡುವ ಕೋಣೆಯಲ್ಲೇ ಬಟ್ಟೆಯ ಕಪಾಟೂ ಇದ್ದರೆ ಹಾಗಾಗುವುದು ಸಹಜ. ವಾಸನೆಯ ಮೇಲೆ ಸೆಂಟ್ ಹಾಕಿದರೆ ಎರಡೂ ಬೆರೆತು ಇನ್ನೂ ಜೋರಾಗುತ್ತದೆ. ಒಗೆದ ಸೀರೆಯನ್ನು ಒಣಗಿದ ಮೇಲೂ ಇಡೀ ದಿನ ಗಾಳಿಯಾಡುವ ಜಗಲಿಯಲ್ಲಿ ಬಿಟ್ಟು, ಇಸ್ತ್ರಿ ಹಾಕಿ, ಶನಿವಾರದವರೆಗೆ ಬಾಯಿ ಕಟ್ಟಿದ ಚೀಲದಲ್ಲಿ ಬೇರೆ ಕೋಣೆಯಲ್ಲಿ ಇಡಿ. ಹೊರಡುವ ಮೊದಲು ತಲೆಗೂ ಸ್ನಾನ ಮಾಡಿ. ವಾಸನೆ ಬಟ್ಟೆಗಿಂತ ಕೂದಲಿನಲ್ಲೇ ಹೆಚ್ಚು ನಿಂತಿರುತ್ತದೆ. ಆಮೇಲೆ ಆ ಚಿಂತೆ ಬಿಡಿ.

ಅಪ್ಪಂದಿರ ಅಂಗಿ, ಪಂಚೆ

ಗಂಡಸರ ಬಟ್ಟೆಯಲ್ಲಿ ಎರಡೇ ಕಡೆ ನೋಡಿದರೆ ಸಾಕು. ಮೊದಲನೆಯದು ಹೆಗಲಿನ ಹೊಲಿಗೆ. ಅದು ಹೆಗಲ ಎಲುಬಿನ ತುದಿಯಲ್ಲೇ ಕೂರಬೇಕು. ತೋಳಿನ ಮೇಲೆ ಎರಡು ಬೆರಳು ಇಳಿದಿದ್ದರೆ ಎಷ್ಟು ದುಡ್ಡಿನ ಅಂಗಿಯಾದರೂ ಅಣ್ಣನದ್ದನ್ನು ಕೇಳಿ ಹಾಕಿಕೊಂಡ ಹಾಗೆ ಕಾಣುತ್ತದೆ. ಎರಡನೆಯದು ಕೆಳಗಿನ ಅಂಚು. ಬದಿಯಲ್ಲಿ ಮೇಲೆ, ಮುಂದೆ ಹಿಂದೆ ಉದ್ದ ಬಾಗಿದ ಅಂಚಿನ ಅಂಗಿ ಪ್ಯಾಂಟಿನೊಳಗೆ ಸಿಕ್ಕಿಸಲು ಹೊಲಿದದ್ದು. ಹೊರಗೆ ಬಿಡುವುದಾದರೆ ನೇರ ಅಂಚಿನದ್ದು ತೆಗೆದುಕೊಳ್ಳಿ, ಪ್ಯಾಂಟಿನ ಜೇಬಿನ ಅರ್ಧಕ್ಕೆ ಬಂದು ನಿಲ್ಲಬೇಕು.

ಪಂಚೆ ಉಟ್ಟು ಸ್ಕೂಲ್ ಡೇಗೆ ಬರುವುದು ನಮ್ಮೂರಿನಲ್ಲಿ ಗೌರವದ ಉಡುಗೆಯೇ. ಆದರೆ ನಾಲ್ಕು ಮೊಳದ ಒಂದೇ ಪದರದ ಪಂಚೆ ವೇದಿಕೆಯ ದೀಪಕ್ಕೆ ಬೆನ್ನು ಹಾಕಿ ನಿಂತರೆ ಪಾರದರ್ಶಕ. ಎಂಟು ಮೊಳದ ಎರಡು ಪದರದ್ದು ಉಡಬೇಕು. ಅಭ್ಯಾಸ ಇಲ್ಲದವರು ಒಳಗೆ ಬೆಲ್ಟ್ ಬಿಗಿದುಕೊಳ್ಳಲಿ, ಅಥವಾ ಈಗ ಅಂಗಡಿಗಳಲ್ಲಿ ಸಿಗುವ ಅಂಟುಪಟ್ಟಿಯ ಪಂಚೆ ತರಲಿ. ಮೇಲೆ ಎತ್ತಿ ಕಟ್ಟಿಕೊಂಡು ಕುರ್ಚಿ ಜೋಡಿಸಲು ಸಹಾಯ ಮಾಡಿದವರು ಕಾರ್ಯಕ್ರಮ ಶುರುವಾದಾಗ ಇಳಿಸಿಕೊಳ್ಳಲು ಮರೆಯಬಾರದು, ಅಷ್ಟೇ. ಮಳೆಗಾಲದ ಸಭೆಗೆ ಮಾತ್ರ ಬಿಳಿ ಪಂಚೆ ಬೇಡ, ಕಾರಣ ಮೇಲೆಯೇ ಹೇಳಿದ್ದೇನೆ.

ದೀಪ ಮತ್ತು ಮೊಬೈಲ್

ಕೊನೆಯದಾಗಿ ಒಂದು ವಿಷಯ. ನಾವು ಆ ದಿನ ಎಷ್ಟು ಹೊತ್ತು ಕಣ್ಣಿಗೆ ಕಾಣುತ್ತೇವೋ ಅದಕ್ಕಿಂತ ಹೆಚ್ಚು ಕಾಲ ಫೋಟೋದಲ್ಲಿ ಕಾಣುತ್ತೇವೆ. ಮೊಬೈಲ್ ಕ್ಯಾಮೆರಾ ಚಿತ್ರವನ್ನು ಸಣ್ಣ ಸಣ್ಣ ಚೌಕಗಳ ಸಾಲಿನಲ್ಲಿ ಹಿಡಿಯುತ್ತದೆ. ಅಂಗಿಯ ಗೆರೆಗಳು ಆ ಚೌಕಗಳಷ್ಟೇ ಸಪೂರವಾದರೆ ಎರಡು ಸಾಲುಗಳೂ ಒಂದರ ಮೇಲೊಂದು ಬಿದ್ದು, ವಿಡಿಯೋದಲ್ಲಿ ಬಟ್ಟೆಯ ಮೇಲೆ ಅಲೆ ಓಡಿದಂತೆ ಕಾಣುತ್ತದೆ. ಬಟ್ಟೆಯ ತಪ್ಪಲ್ಲ, ಟೈಲರ್ ತಪ್ಪೂ ಅಲ್ಲ. ಅತಿ ಸಣ್ಣ ಗೆರೆ, ಅತಿ ಸಣ್ಣ ಚೌಕುಳಿ ಬಿಟ್ಟು, ಬೆರಳಿನಷ್ಟು ಅಗಲದ ಚೌಕುಳಿ ಅಥವಾ ಸಾದಾ ಬಣ್ಣ ಹಾಕಿದರೆ ಈ ತೊಂದರೆ ಇಲ್ಲ.

ಮಿಂಚಿನ ಚುಕ್ಕಿ ತುಂಬಿದ ಸೀರೆಯ ಕತೆ ಇನ್ನೊಂದು. ಒಂದೊಂದು ಚುಕ್ಕಿಯೂ ವೇದಿಕೆಯ ದೀಪವನ್ನು ಕನ್ನಡಿಯಂತೆ ತಿರುಗಿಸಿ ಹೊಡೆಯುತ್ತದೆ. ಕ್ಯಾಮೆರಾ ಆ ಹೊಳಪಿಗೆ ಹೆದರಿ ಇಡೀ ಚಿತ್ರವನ್ನು ಕತ್ತಲು ಮಾಡುತ್ತದೆ. ಆಗ ಸೀರೆ ಮಿಂಚುತ್ತದೆ, ಪಕ್ಕದಲ್ಲಿ ಬಹುಮಾನ ಹಿಡಿದು ನಿಂತ ಮಗುವಿನ ಮುಖ ಕಪ್ಪಾಗಿ ಬರುತ್ತದೆ. ಹೊಳಪಿಲ್ಲದ ಹತ್ತಿ ಬೆಳಕನ್ನು ಹೀರಿ ಮೆಲ್ಲಗೆ ಹರಡುವುದರಿಂದ ಇಬ್ಬರ ಮುಖವೂ ಸರಿಯಾಗಿ ಬೀಳುತ್ತದೆ. ರೇಷ್ಮೆ ಉಡಲೇಬೇಕೆಂದಿದ್ದರೆ ಜರಿ ಕಡಿಮೆ ಇರುವುದನ್ನು ಆರಿಸಿ.

ಹೊರಡುವ ಮೊದಲು ಚೀಲದಲ್ಲಿ ಇಷ್ಟಿರಲಿ: ನಾಲ್ಕು ಪಿನ್, ಕುರ್ಚಿಯ ಮಂಜು ಒರೆಸಲು ಟವೆಲ್, ಹೊದೆಯಲು ತೆಳು ಹತ್ತಿಯ ಶಾಲು. ಶಾಲಿನ ಬಣ್ಣ ಸೀರೆಗೆ ಹೊಂದದಿದ್ದರೂ ಚಿಂತಿಲ್ಲ. ಎಂಟೂವರೆಯ ಮೇಲೆ ನಿದ್ದೆಗೆ ಜಾರಿದ ಮಗುವಿಗೆ ಅದು ಹೇಗೂ ಹೋಗುತ್ತದೆ.